ಪ್ರಾರ್ಥನಾ ಸಭೆಯ ಐದು ನಿಮಿಷ: ತಂಬಾಕು ಕಂಪನಿಗೆ ಹದಿಹರೆಯದವರೇ ಏಕೆ ಬೇಕು?

ಬೋಧನಾಭ್ಯಾಸದ ಅವಧಿಯಲ್ಲಿ ಪ್ರೌಢಶಾಲೆಯ ಪ್ರಾರ್ಥನಾ ಸಭೆಗೆ ನಾನು ಸಿದ್ಧಪಡಿಸಿದ ಭಾಷಣದ ರಚನೆಯನ್ನು ಇಲ್ಲಿ ವಿವರಿಸುತ್ತೇನೆ. ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆಂದು ಮಕ್ಕಳಿಗೆ ಗೊತ್ತು. ಪೊಟ್ಟಣದ ಮೇಲೆಯೇ ಚಿತ್ರವಿದೆ. ಅವರಿಗೆ ಗೊತ್ತಿಲ್ಲದ್ದು ಕಂಪನಿಯ ಲೆಕ್ಕ. ಹಾಗಾಗಿ ಉದ್ದೇಶವನ್ನು ಒಂದಕ್ಕೇ ಸೀಮಿತಗೊಳಿಸಿದೆ: ಕಂಪನಿ ಎಳೆಯರನ್ನು ಹುಡುಕುವ ಕಾರಣವನ್ನು ವಿದ್ಯಾರ್ಥಿ ತನ್ನ ಮಾತಿನಲ್ಲಿ ಹೇಳಬೇಕು.

ಮೊದಲು ಒಂದು ಊಹೆಯ ಲೆಕ್ಕ ಕೊಟ್ಟೆ. "ಒಂದು ಕಂಪನಿಗೆ 100 ಗಿರಾಕಿಗಳಿದ್ದಾರೆ. ಪ್ರತಿ ವರ್ಷ ಐದು ಮಂದಿ ಕಡಿಮೆಯಾಗುತ್ತಾರೆ. ಕೆಲವರು ಚಟ ಬಿಡುತ್ತಾರೆ, ಕೆಲವರು ಸಾಯುತ್ತಾರೆ. ಹೊಸಬರು ಬರದಿದ್ದರೆ ಎಷ್ಟು ವರ್ಷಕ್ಕೆ ಅಂಗಡಿ ಖಾಲಿ?" ಸಾಲಿನಿಂದ ಉತ್ತರ ಬಂತು: 20. "ಹಾಗಾದರೆ ಹೊಸಬರು ಯಾರು?" ಎಂದು ಕೇಳಿ, ಉತ್ತರಕ್ಕೆ ಕಂಪನಿಯ ಕಡತವನ್ನೇ ತೆರೆದೆ.

ಅಮೆರಿಕದ ಆರ್.ಜೆ. ರೆನಾಲ್ಡ್ಸ್ ಕಂಪನಿಯ 1984ರ ಆಂತರಿಕ ವರದಿಯು ಮೊಕದ್ದಮೆಗಳ ಮೂಲಕ ಮುಂದೆ ಬಹಿರಂಗವಾಯಿತು. ಕಳೆದುಹೋಗುವ ಗಿರಾಕಿಗಳ ಜಾಗ ತುಂಬುವವರು ಯುವಜನರು ಮಾತ್ರ, ಅವರು ದೂರ ಸರಿದರೆ ಹೆರಿಗೆಯಿಲ್ಲದ ಜನಸಮುದಾಯದಂತೆ ಉದ್ಯಮವೂ ಕ್ಷೀಣಿಸುತ್ತದೆ ಎಂಬುದು ಅದರ ಸಾರ. ವರದಿ ಹೆಸರಿಸಿದ್ದು 18ರಿಂದ 24ರ ವಯಸ್ಸನ್ನು. ಆದರೆ 18ರ ನಂತರ ಸೇದಲು ತೊಡಗುವವರು ಮೂರನೇ ಒಂದು ಭಾಗಕ್ಕಿಂತ ಕಡಿಮೆ, 24ರ ನಂತರ ತೊಡಗುವವರು ಶೇ. 5 ಮಾತ್ರ ಎಂದೂ ಅದೇ ವರದಿ ಹೇಳುತ್ತದೆ. ಈ ಎರಡನ್ನೂ ಜೊತೆಗಿಟ್ಟು ಓದಿದರೆ ಬಾಗಿಲು ಯಾವ ವಯಸ್ಸಿನಲ್ಲಿ ತೆರೆಯುತ್ತದೆಂದು ಮಕ್ಕಳೇ ಹೇಳುತ್ತಾರೆ. ಹದಿಹರೆಯದ ಮೆದುಳು ಇನ್ನೂ ಬೆಳೆಯುತ್ತಿರುವುದರಿಂದ ನಿಕೋಟಿನ್ ಚಟ ಬೇಗ ಅಂಟುತ್ತದೆ, ಅಂಟಿದ ಗಿರಾಕಿ ಹಲವು ದಶಕ ಉಳಿಯುತ್ತಾನೆ ಎಂಬ ಕಾರಣವನ್ನು ಇಲ್ಲಿ ಸೇರಿಸಿದೆ.

ನಂತರ ನಮ್ಮ ಬೀದಿಗೆ ಬಂದೆ. 2003ರ ಕೇಂದ್ರ ಕಾಯ್ದೆ ಶಿಕ್ಷಣ ಸಂಸ್ಥೆಯಿಂದ 100 ಗಜದೊಳಗೆ ತಂಬಾಕು ಮಾರಾಟವನ್ನು ನಿಷೇಧಿಸಿದೆ, ಜಾಹೀರಾತನ್ನೂ ನಿರ್ಬಂಧಿಸಿದೆ. "ಹಾಗಿದ್ದೂ ಚಾಕೊಲೇಟ್ ಡಬ್ಬದ ಪಕ್ಕದಲ್ಲಿ ಏನಿರುತ್ತದೆ? ಬಿಡಿ ಸಿಗರೇಟು ಯಾರ ಜೇಬಿಗೆ ಎಟಕುತ್ತದೆ? ತಂಬಾಕಿನ ಹೆಸರನ್ನೇ ಹೊತ್ತ ಏಲಕ್ಕಿಯ ಜಾಹೀರಾತು ನಿಜವಾಗಿ ಏನನ್ನು ನೆನಪಿಸುತ್ತದೆ?" ಎಂದು ಕೇಳಿದೆ. ಇಲ್ಲಿ ಎರಡು ಎಚ್ಚರಿಕೆ ಬೇಕು. ಮಾರಾಟದಲ್ಲಿರುವ ಉತ್ಪನ್ನಗಳ ಹೆಸರು ಹೇಳಬಾರದು, ಅದು ಪುಕ್ಕಟೆ ಪ್ರಚಾರ. ತಂದೆ ಬೀಡಿ ಸೇದುವ ಮಗುವೂ ಸಾಲಿನಲ್ಲಿ ನಿಂತಿರುತ್ತದೆ. ಆದ್ದರಿಂದ ಸೇದುವವರನ್ನು ಹಳಿಯದೆ ಮಾರುವವರ ಲೆಕ್ಕವನ್ನೇ ಮುಂದಿಡಬೇಕು.

ಮೌಲ್ಯಮಾಪನಕ್ಕೆ ಮೊದಲ ಅವಧಿಯಲ್ಲಿ ಒಂದೇ ಪ್ರಶ್ನೆ ಬರೆಸಿದೆ: "ಕಂಪನಿ ನಲವತ್ತರವರಿಗಿಂತ ಹದಿನೈದರವರನ್ನು ಹೆಚ್ಚು ಬಯಸುವುದೇಕೆ?" "ತಂಬಾಕು ಆರೋಗ್ಯಕ್ಕೆ ಹಾನಿಕರ" ಎಂದಷ್ಟೇ ಬರೆದರೆ ಉದ್ದೇಶ ಈಡೇರಿಲ್ಲ, 100 ಗಿರಾಕಿಗಳ ಲೆಕ್ಕವನ್ನು ಮತ್ತೆ ಮಾಡಿಸಬೇಕು. "ಹೋದವರ ಜಾಗಕ್ಕೆ ನಾವು ಬೇಕು" ಎಂಬ ಅರ್ಥ ಬಂದರೆ ಪಾಠ ತಲುಪಿದೆ.