ಬಾಣ ಚೌಕಟ್ಟಿನ ಒಳಗೋ, ಹೊರಗೋ?

‘ಹುಡುಗ ಅಸಹಾಯಕನಾಗಿ ನಿಂತಿದ್ದಾನೆ. ಕ್ಯಾಮೆರಾ ನಿಧಾನವಾಗಿ ಅವನ ಹತ್ತಿರ ಹೋಗುತ್ತದೆ.’ ಕಿರುಚಿತ್ರಗಳ ಸ್ಟೋರಿಬೋರ್ಡ್‌ನಲ್ಲಿ ಇಂಥ ಸಾಲುಗಳು ಧಾರಾಳವಾಗಿ ಸಿಗುತ್ತವೆ. ಕಥೆಯಾಗಿ ಓದಿದರೆ ತಪ್ಪೇನಿಲ್ಲ. ಆದರೆ ಕ್ಯಾಮೆರಾ ಹಿಡಿದವನಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಹತ್ತಿರ ಹೋಗುವುದೆಂದರೆ ಕ್ಯಾಮೆರಾ ನಡೆದು ಹೋಗಬೇಕೋ, ನಿಂತಲ್ಲೇ ಝೂಮ್ ಮಾಡಬೇಕೋ? ಎಲ್ಲಿ ನಿಲ್ಲಬೇಕು? ಬೂಮ್ ಕೋಲು ಹಿಡಿದವನಿಗಂತೂ ತನ್ನ ಮೈಕು ಎಷ್ಟು ಕೆಳಗೆ ಬರಬಹುದೆಂಬ ಸುಳಿವೇ ಇಲ್ಲ. ದೊಡ್ಡ ತಂಡದಲ್ಲಿ ಇದನ್ನೆಲ್ಲ ಬಿಡಿಸಿ ಹೇಳಲು ಸಹಾಯಕ ನಿರ್ದೇಶಕರ ದಂಡೇ ಇರುತ್ತದೆ. ಐದು ಜನರ ತಂಡದಲ್ಲಿ ಆ ಕೆಲಸವನ್ನು ಚಿತ್ರದ ಕೆಳಗಿನ ಎರಡು ಸಾಲುಗಳೇ ಮಾಡಬೇಕು.

ಸತ್ಯಜಿತ್ ರಾಯ್ 1955ರ ‘ಪಥೇರ್ ಪಾಂಚಾಲಿ’ಯನ್ನು ಪೂರ್ಣ ಚಿತ್ರಕಥೆಗಿಂತ ಹೆಚ್ಚಾಗಿ ರೇಖಾಚಿತ್ರಗಳನ್ನೂ ಟಿಪ್ಪಣಿಗಳನ್ನೂ ನಂಬಿ ತೆಗೆದರು. ಛಾಯಾಗ್ರಾಹಕ ಸುಬ್ರತ ಮಿತ್ರ ಅವರಿಗೆ ಆಗ ಇಪ್ಪತ್ತೊಂದರ ಹರೆಯ. ಅದಕ್ಕೂ ಮೊದಲು ಅವರು ಸಿನಿಮಾ ತೆಗೆದವರಲ್ಲ. ರಾಯ್ ಜಾಹೀರಾತು ಸಂಸ್ಥೆಯಲ್ಲಿ ಚಿತ್ರ ಬರೆದು ಪಳಗಿದ ಕೈ. ಆದರೆ ಸ್ಟೋರಿಬೋರ್ಡ್‌ಗೆ ಅಂಥ ಕೈಯೇ ಬೇಕೆಂದೇನಿಲ್ಲ, ಕಡ್ಡಿ ಮನುಷ್ಯರು ಸಾಕು. ಚಿತ್ರ ಒರಟಾದಷ್ಟೂ ಅದರ ಕೆಳಗಿನ ಬರಹ ಖಚಿತವಾಗಿರಬೇಕು, ಅಷ್ಟೇ.

ಒಂದು ಸಣ್ಣ ದೃಶ್ಯವನ್ನು ಎತ್ತಿಕೊಳ್ಳೋಣ. ಬೀದಿಗೆ ತೆರೆದುಕೊಂಡ ಪುಟ್ಟ ಟೈಲರ್ ಅಂಗಡಿ. ಮುಂದೆ ಮೂರಡಿ ಎತ್ತರದ ಕೌಂಟರ್, ಒಳಗೆ ಟೈಲರ್. ಎಂಟು ವರ್ಷದ ಹುಡುಗ ಅಪ್ಪನ ಅಂಗಿ ಒಯ್ಯಲು ಬಂದಿದ್ದಾನೆ. ತಂದ ದುಡ್ಡು ಸಾಲದು.

ಮೊದಲು ಚೌಕಟ್ಟು ಎಳೆಯಬೇಕು. ಸಿನಿಮಾ 16:9 ಅಳತೆಯದಾದರೆ ಹಾಳೆಯ ಮೇಲಿನ ಚೌಕವೂ ಅದೇ ಅಳತೆಯದಾಗಿರಲಿ. ಎಂಟು ಸೆಂಟಿಮೀಟರ್ ಅಗಲಕ್ಕೆ ನಾಲ್ಕೂವರೆ ಎತ್ತರ. ಕೈಗೆ ಬಂದಂತೆ ಚೌಕ ಎಳೆದರೆ ಕಾಗದದಲ್ಲಿ ಆರಾಮಾಗಿ ಹಿಡಿಸಿದ ಇಬ್ಬರು ಸೆಟ್‌ನಲ್ಲಿ ಹಿಡಿಸುವುದಿಲ್ಲ. ಆಮೇಲಿನ ಬರಹಕ್ಕೆ ಒಂದು ಕ್ರಮ ಇಟ್ಟುಕೊಂಡರೆ ಒಳ್ಳೆಯದು: ಯಾರು, ಎಷ್ಟು ಕಾಣುತ್ತಾರೆ, ಕ್ಯಾಮೆರಾ ಎಲ್ಲಿದೆ, ಎಷ್ಟು ಎತ್ತರದಲ್ಲಿದೆ, ಅಲುಗುತ್ತದೆಯೇ. ಪ್ರತಿ ಫ್ರೇಮಿಗೂ ಇದೇ ಕ್ರಮ ಇದ್ದರೆ ಓದುವವನ ಕಣ್ಣು ತನಗೆ ಬೇಕಾದ ಜಾಗಕ್ಕೆ ನೇರವಾಗಿ ಹೋಗುತ್ತದೆ.

ನಮ್ಮ ದೃಶ್ಯದ ಎರಡನೇ ಫ್ರೇಮನ್ನು ಹೀಗೆ ಬರೆಯಬಹುದು: ‘ಟೈಲರ್, ಸೊಂಟದಿಂದ ಮೇಲೆ, ಫ್ರೇಮಿನ ಬಲಭಾಗದಲ್ಲಿ. ಎಡ ಅಂಚಿನಲ್ಲಿ ಹುಡುಗನ ತಲೆ, ಹೆಗಲು. ಕ್ಯಾಮೆರಾ ಹುಡುಗನ ಬಲ ಹೆಗಲ ಹಿಂದೆ, ನೆಲದಿಂದ ಮೂರೂವರೆ ಅಡಿ, ಮೂತಿ ಮೇಲಕ್ಕೆ. ತೂಗುಹಾಕಿದ ಅಂಗಿಗಳು ಮೇಲಿನ ಅಂಚಿನಲ್ಲಿ ಕಾಣಬೇಕು. ಕ್ಯಾಮೆರಾ ಅಲುಗದು.’

ಇಲ್ಲಿ ಎತ್ತರವನ್ನೂ ಕೋನವನ್ನೂ ಬೇರೆ ಬೇರೆ ಹೇಳಿದೆ. ‘ಲೋ ಆಂಗಲ್’ ಎಂದಷ್ಟೇ ಬರೆದು ಸುಮ್ಮನಾಗುವವರೇ ಹೆಚ್ಚು. ಜಪಾನಿನ ಯಸುಜಿರೊ ಓಝು ಅವರ ಚಿತ್ರಗಳಲ್ಲಿ ಕ್ಯಾಮೆರಾ ಚಾಪೆಯ ಮೇಲೆ ಕುಳಿತವರ ಮಟ್ಟಕ್ಕೆ, ಎಷ್ಟೋ ಸಲ ಅದಕ್ಕಿಂತಲೂ ಕೆಳಕ್ಕೆ ಇಳಿದಿರುತ್ತದೆ. ಹಾಗಿದ್ದೂ ನೋಟ ಹೆಚ್ಚುಕಡಿಮೆ ನೆಟ್ಟಗೇ ಇರುತ್ತದೆ, ಕತ್ತೆತ್ತಿ ನೋಡಿದಂತಿರುವುದಿಲ್ಲ. ನಮ್ಮ ದೃಶ್ಯದಲ್ಲಿ ಬೇಕಾದದ್ದು ಕತ್ತೆತ್ತಿ ನೋಡುವ ಹುಡುಗನ ನೋಟ. ಹಾಗಾಗಿ ‘ಮೂತಿ ಮೇಲಕ್ಕೆ’ ಎಂಬ ಎರಡು ಪದ ಬಿಟ್ಟರೆ ಟೈಲರನ ಮುಖದ ಬದಲು ಅಂಗಿಯ ಗುಂಡಿಗಳು ಫ್ರೇಮಿನ ನಡುವೆ ಕೂರುತ್ತವೆ. ಮೇಲಿನ ಅಂಚಿನ ಅಂಗಿಗಳ ಮಾತು ಧ್ವನಿಯವರಿಗೆ. ಮೈಕು ಮೇಲಿಂದ ಇಳಿಯುವಂತಿಲ್ಲ, ಕೌಂಟರಿನ ಹಿಂದೆ ತಗ್ಗಿನಲ್ಲಿ ಅಡಗಬೇಕು ಎಂದು ಅವರು ಹಿಂದಿನ ರಾತ್ರಿಯೇ ತಿಳಿದುಕೊಳ್ಳುತ್ತಾರೆ.

ಎಡ, ಬಲ ಎಂದರೆ ಯಾರ ಎಡ, ಯಾರ ಬಲ? ಫ್ರೇಮಿನ ಎಡ ಎಂದರೆ ನೋಡುವವನ ಎಡ. ಹುಡುಗನ ಬಲ ಹೆಗಲು ಎಂದರೆ ಹುಡುಗನದೇ ಬಲ. ಬರೀ ‘ಎಡಕ್ಕೆ’ ಎಂದು ಬರೆದ ಸಾಲು ಯಾವತ್ತೂ ಅರ್ಧ ಸಾಲೇ. ಇದರ ಬೆಲೆ ಮೂರನೇ ಫ್ರೇಮಿನಲ್ಲಿ, ಕ್ಯಾಮೆರಾ ಒಳಗೆ ಹೋಗಿ ಹುಡುಗನನ್ನು ನೋಡುವಾಗ, ಗೊತ್ತಾಗುತ್ತದೆ. ಈಗ ಅದು ಟೈಲರನ ಎಡ ಹೆಗಲ ಹಿಂದೆ ಇರಬೇಕು. ಆಗ ಹುಡುಗ ಎಡಕ್ಕೇ, ಟೈಲರ್ ಬಲಕ್ಕೇ ಉಳಿಯುತ್ತಾರೆ. ತಪ್ಪಿ ಬಲ ಹೆಗಲ ಹಿಂದೆ ಇಟ್ಟರೆ ಎರಡೂ ಶಾಟ್‌ಗಳಲ್ಲಿ ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತ, ಎದುರುಬದುರು ಮಾತಾಡುವವರು ಬಸ್ಸಿಗೆ ಕಾಯುವವರಂತೆ ಕಾಣುತ್ತಾರೆ. ಎಡಿಟಿಂಗ್ ಮೇಜಿನಲ್ಲಿ ಇದಕ್ಕೆ ಒಳ್ಳೆಯ ಮದ್ದಿಲ್ಲ. ಹಾಳೆಯ ಮೂಲೆಯಲ್ಲಿ ಅಂಗಡಿಯನ್ನು ಮೇಲಿಂದ ನೋಡಿದಂತೆ ಪುಟ್ಟ ನಕ್ಷೆ ಬರೆದು, ಇಬ್ಬರನ್ನೂ ಜೋಡಿಸುವ ಗೆರೆ ಎಳೆದು, ಕ್ಯಾಮೆರಾಗಳನ್ನೆಲ್ಲ ಅದರ ಒಂದೇ ಮಗ್ಗುಲಿಗೆ ಗುರುತಿಸಿದರೆ ಚರ್ಚೆಯೇ ಏಳದು.

ಇನ್ನು ಚಲನೆ. ನಟ ನಡೆದರೆ ಬಾಣ ಚೌಕಟ್ಟಿನ ಒಳಗೆ, ಕ್ಯಾಮೆರಾ ಚಲಿಸಿದರೆ ಬಾಣ ಹೊರಗೆ: ಇಷ್ಟನ್ನು ಪಾಲಿಸಿದರೆ ಅರ್ಧ ಗೊಂದಲ ಕಳೆಯುತ್ತದೆ. ಕ್ಯಾಮೆರಾ ಬಲಕ್ಕೆ ತಿರುಗಿದಾಗ ಫ್ರೇಮಿನೊಳಗಿನ ಗೋಡೆ, ಬಾಗಿಲುಗಳು ಎಡಕ್ಕೆ ಜಾರುತ್ತವೆ. ಬಾಣ ಎರಡರಲ್ಲಿ ಯಾವುದರದು ಎಂದು ತಿಳಿಯದಿದ್ದರೆ ಪ್ಯಾನ್ ಉಲ್ಟಾ ಆಗುತ್ತದೆ. ಚಲನೆಯ ಹೆಸರೂ ಸ್ಪಷ್ಟವಾಗಿರಲಿ. ನಿಂತಲ್ಲೇ ಅಕ್ಕಪಕ್ಕ ತಿರುಗಿದರೆ ಪ್ಯಾನ್, ಮೇಲೆ ಕೆಳಗೆ ತಿರುಗಿದರೆ ಟಿಲ್ಟ್, ಕ್ಯಾಮೆರಾನೇ ಜಾಗ ಬಿಟ್ಟು ಹೋದರೆ ಟ್ರ್ಯಾಕ್. ಝೂಮ್‌ನಲ್ಲಿ ಮುಖವೂ ಹಿನ್ನೆಲೆಯೂ ಒಟ್ಟಿಗೆ ದೊಡ್ಡದಾಗುತ್ತವೆ. ಟ್ರ್ಯಾಕ್‌ನಲ್ಲಿ ಮುಖ ಬೇಗ ಬೆಳೆಯುತ್ತದೆ, ಹಿನ್ನೆಲೆ ಹಿಂದೆ ಉಳಿಯುತ್ತದೆ. ಆದ್ದರಿಂದ ‘ಹತ್ತಿರ ಹೋಗುತ್ತದೆ’ ಎಂಬ ಸಾಲಿಗೆ ಎರಡು ಬೇರೆಯೇ ಶಾಟ್‌ಗಳು ಹುಟ್ಟಬಹುದು.

ಚಲಿಸುವ ಶಾಟ್‌ಗೆ ಒಂದೇ ಚೌಕ ಸಾಲದು. ಶುರುವಿಗೊಂದು, ಕೊನೆಗೊಂದು ಬೇಕು. ನಮ್ಮ ನಾಲ್ಕನೇ ಶಾಟ್: ‘4ಎ. ಕೌಂಟರ್ ಮೇಲಿನ ಚಿಲ್ಲರೆ, ಕ್ಲೋಸಪ್. ಟೈಲರನ ಬೆರಳು ಒಂದೊಂದಾಗಿ ಎಣಿಸುತ್ತದೆ. ಬೆರಳು ನಿಂತ ಮೇಲೆ ಟಿಲ್ಟ್ ಮೇಲಕ್ಕೆ. 4ಬಿ. ಟೈಲರನ ಮುಖ, ಎದೆಯಿಂದ ಮೇಲೆ. ಅವನು ಮಾತಾಡುವ ಮೊದಲು ಕ್ಯಾಮೆರಾ ನಿಂತಿರಬೇಕು.’ 4, 5 ಎಂದು ಬೇರೆ ಸಂಖ್ಯೆ ಕೊಟ್ಟರೆ ತಂಡ ನಡುವೆ ಕಟ್ ಇದೆ ಎಂದುಕೊಂಡು ಎರಡು ಸಲ ಚಿತ್ರೀಕರಿಸುತ್ತದೆ. ‘ನಿಧಾನವಾಗಿ’ ಎಂಬ ಪದದ ಜಾಗದಲ್ಲಿ ಯಾವಾಗ ಹೊರಡಬೇಕು, ಯಾವುದಕ್ಕೆ ಮುಂಚೆ ನಿಲ್ಲಬೇಕು ಎಂದಿದೆ. ವೇಗ ತಾನಾಗಿ ಗೊತ್ತಾಗುತ್ತದೆ. ಚಿಲ್ಲರೆ ಎರಡಡಿ ದೂರ, ಮುಖ ಮೂರೂವರೆ ಅಡಿ ಎಂದು ಪಕ್ಕದಲ್ಲಿ ಬರೆದಿಟ್ಟರೆ ಫೋಕಸ್ ನೋಡುವವನು ಲೆನ್ಸ್ ಮೇಲೆ ಎರಡು ಗುರುತು ಹಾಕಿಕೊಳ್ಳುತ್ತಾನೆ.

ಬರೆದದ್ದು ಸಾಕೇ ಎಂದು ತಿಳಿಯಲು ಕಥೆ ಗೊತ್ತಿಲ್ಲದ ಒಬ್ಬರ ಕೈಗೆ ಹಾಳೆಯನ್ನೂ ಮೊಬೈಲನ್ನೂ ಕೊಟ್ಟು ಅಂಗಡಿ ಮುಂದೆ ನಿಲ್ಲಿಸಬೇಕು. ನಿರ್ದೇಶಕ ಬಾಯಿ ಬಿಡಬಾರದು. (ಇದೇ ಎಲ್ಲಕ್ಕಿಂತ ಕಷ್ಟದ ಭಾಗ.) ಅವರು ಕೇಳುವ ಪ್ರಶ್ನೆಗಳೇ ಬಿಟ್ಟುಹೋದ ಪದಗಳು. ಅವರಾಗಿಯೇ ತಪ್ಪು ಜಾಗದಲ್ಲಿ ನಿಂತರೆ ಸಾಲು ಹೊಸದಾಗಿ ಬರೆಯಬೇಕು.

ಕೊನೆಗೆ ಚೌಕಗಳನ್ನು ಕತ್ತರಿಸಿ, ಕಥೆಯ ಕ್ರಮ ಬಿಟ್ಟು ಚಿತ್ರೀಕರಣದ ಕ್ರಮದಲ್ಲಿ ಜೋಡಿಸಬೇಕು. ಅಂಗಡಿಯೊಳಕ್ಕೆ ನೋಡುವ ಎರಡನೆಯ, ನಾಲ್ಕನೆಯ ಶಾಟ್‌ಗಳು ಒಂದು ಕಟ್ಟು. ಬೀದಿಯ ಬೆಳಕೇ ಅವುಗಳಿಗೆ ಲೈಟು. ಮೂರನೆಯದರಲ್ಲಿ ಹುಡುಗನ ಹಿಂದೆ ಬೀದಿ ಕಾಣುತ್ತದೆ. ಮಧ್ಯಾಹ್ನ ತೆಗೆದರೆ ಬೀದಿ ಬೆಳ್ಳಗಾಗಿ ಅವನ ಮುಖ ಕಪ್ಪಾಗುತ್ತದೆ. ಆ ಚೌಕದ ಮೇಲೆ ‘ಬೀದಿಗೆ ನೆರಳು ಬಿದ್ದ ಮೇಲೆ’ ಎಂದು ಬರೆದು ಕಟ್ಟಿನ ಅಡಿಗೆ ಸೇರಿಸಬೇಕು.