ಹದಿನೆಂಟು ಮಿಲಿವೋಲ್ಟಿನ ಮೋಸ

ರಾತ್ರಿ ಎರಡಕ್ಕೆ ಫ್ಯಾನು ನಿಂತಿತು. ಅಮ್ಮ ಟಾರ್ಚ್ ಹಿಡಿದು ಬಂದು, "ಮಲಗೋವಾಗ ಬೇಕಾದಷ್ಟಿದೆ ಅಂದಿದ್ದೆಯಲ್ಲೋ?" ಎಂದರು. ಮಾನಿಟರ್ ಆಗಲೂ 12% ಎನ್ನುತ್ತಿತ್ತು. ಬ್ಯಾಟರಿ ಮಾತ್ರ ಪೂರ್ತಿ ಬರಿದಾಗಿತ್ತು.

ನಮ್ಮದು ಮಲೆನಾಡಿನ ತೋಟದ ಮನೆ. ಸೋಲಾರಿಗೆ ಹದಿನಾರು ಸೆಲ್‌ಗಳ, 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಆ ಸಂಜೆ ಮಾನಿಟರ್ ಆಫ್ ಆಗಿ ಮತ್ತೆ ಶುರುವಾಗಿತ್ತು. ಹಾಗಾದಾಗ ವೋಲ್ಟೇಜ್ ನೋಡಿ ಶೇಕಡಾವಾರು ಹೇಳಲೆಂದು ಅದಕ್ಕೊಂದು ಪಟ್ಟಿ ತುಂಬಿಸಿಟ್ಟವನು ನಾನೇ. ಪಟ್ಟಿ ತಯಾರಿಸಿದ್ದು ಬ್ಯಾಟರಿ ಖಾಲಿ ಮಾಡುತ್ತಾ. ಆ ದಿನವಾದರೋ ಬ್ಯಾಟರಿ ಬಿಸಿಲಿನಿಂದ ಚಾರ್ಜ್ ಆಗಿ ಮೇಲಕ್ಕೆ ಬಂದಿತ್ತು.

ಅನುಮಾನ ಬಂದು ಮುಂದಿನ ವಾರ ಅಳೆದೆ. ತುಂಬಿದ ಬ್ಯಾಟರಿಯಿಂದ 50 ಆಂಪಿಯರ್-ಅವರ್ ತೆಗೆದು, ನಾಲ್ಕು ಗಂಟೆ ಸುಮ್ಮನೆ ಬಿಟ್ಟಾಗ ಒಂದು ಸೆಲ್‌ನಲ್ಲಿ 3.288 ವೋಲ್ಟ್. ಆಮೇಲೆ ಪೂರ್ತಿ ಖಾಲಿ ಮಾಡಿ, 50 ತುಂಬಿಸಿ, ಮತ್ತೆ ನಾಲ್ಕು ಗಂಟೆ ಬಿಟ್ಟಾಗ 3.306. ಎರಡೂ ಸಲ ಒಳಗಿದ್ದದ್ದು ಅರ್ಧವೇ. ವ್ಯತ್ಯಾಸ 18 ಮಿಲಿವೋಲ್ಟ್. ಬೇರೆ ಜಾತಿಯ ಬ್ಯಾಟರಿಯಲ್ಲಿ ಇದೇನು ದೊಡ್ಡ ಲೆಕ್ಕವಲ್ಲ. ಇದರ ವೋಲ್ಟೇಜ್ ರೇಖೆಯೋ, ನಡುವೆ ಗದ್ದೆಯಷ್ಟು ಸಪಾಟು. ನನ್ನ ಪಟ್ಟಿಯಲ್ಲಿ 3.306ರ ಎದುರು ಇದ್ದದ್ದು 62%. ಆ ರಾತ್ರಿ ಕೈಕೊಟ್ಟ ಹನ್ನೆರಡು ಅಲ್ಲಿತ್ತು.

ತಂತಿಯ, ಸೆಲ್‌ನ ರೋಧದಿಂದಾದ ವ್ಯತ್ಯಾಸವಾಗಿದ್ದರೆ ಕರೆಂಟ್ ನಿಲ್ಲಿಸಿದ ಮೇಲೆ ಕರಗಬೇಕಿತ್ತು. ಇದು ಕರಗುವುದಿಲ್ಲ. ಬರ್ಲಿನ್‌ನ ವೋಲ್ಫ್‌ಗಾಂಗ್ ಡ್ರೇಯರ್ ಮತ್ತು ಸಂಗಡಿಗರು 2010ರಲ್ಲಿ ಕೊಟ್ಟ ವಿವರಣೆ ನನಗೆ ಹಿಡಿಸಿತು: ಕಣಗಳೆಲ್ಲ ಒಟ್ಟಿಗೆ ಸ್ವಲ್ಪಸ್ವಲ್ಪವೇ ತುಂಬುವುದಿಲ್ಲ, ಒಂದಾದ ಮೇಲೊಂದು ಲಿಥಿಯಂ ತುಂಬಿದ ಸ್ಥಿತಿಗೋ ಬರಿದಾದ ಸ್ಥಿತಿಗೋ ದಾಟುತ್ತವೆ. ಪ್ರತಿ ಕಣವನ್ನೂ ದಾಟಿಸಲು ಒಂದಿಷ್ಟು ನೂಕಬೇಕು. ಮಳೆಗೆ ಉಬ್ಬಿದ ಬಾಗಿಲಿನಂತೆ: ತೆಗೆಯಲೂ ಒತ್ತಬೇಕು, ಹಾಕಲೂ ಒತ್ತಬೇಕು.

ಹಾಗಾದರೆ ಎರಡು ಪಟ್ಟಿ ಇಟ್ಟರಾಯಿತಲ್ಲ ಎಂದುಕೊಂಡೆ. ಆಗಲಿಲ್ಲ. ಸಂಜೆ ಅರ್ಧ ಗಂಟೆ ಬಿಸಿಲು ಬಿದ್ದರೆ ವೋಲ್ಟೇಜ್ ಎರಡೂ ರೇಖೆಗಳ ನಡುವೆ ಎಲ್ಲೋ ನಿಲ್ಲುತ್ತದೆ. ಆ ದಿನದ ಏರಿಳಿತವೆಲ್ಲ ಗೊತ್ತಿಲ್ಲದೆ ಅದನ್ನು ಓದಲಾಗದು.

ಈಗ ನಡುಭಾಗದಲ್ಲಿ ವೋಲ್ಟೇಜನ್ನು ಕೇಳುವುದನ್ನೇ ಬಿಟ್ಟಿದ್ದೇನೆ. ಶಂಟ್ ಮೂಲಕ ಒಳಬಂದ, ಹೊರಹೋದ ಕರೆಂಟನ್ನು ಎಣಿಸುತ್ತೇನೆ. ಆದರೆ ಎಣಿಕೆಯೂ ಜಾರುತ್ತದೆ: ನನ್ನ ಶಂಟ್ ಏನೂ ಹರಿಯದಾಗಲೂ 0.1 ಆಂಪಿಯರ್ ಹೊರಹೋಗುತ್ತಿದೆ ಎನ್ನುತ್ತದೆ, ದಿನಕ್ಕೆ 2.4 ಆಂಪಿಯರ್-ಅವರ್. ಅದನ್ನು ಸರಿಪಡಿಸಲು ಬ್ಯಾಟರಿ ತುಂಬಲೇಬೇಕು; ಸೆಲ್‌ಗೆ 3.45 ವೋಲ್ಟ್ ತಲುಪಿ ಕರೆಂಟ್ 5 ಆಂಪಿಯರ್‌ಗೆ ಇಳಿದಾಗ 100 ಎಂದು ಬರೆಯುತ್ತೇನೆ. ಬೇಸಿಗೆಯಲ್ಲಿ ಇದು ತಾನಾಗಿ ಆಗುತ್ತದೆ. ಆಷಾಢದಲ್ಲಿ ಬಿಸಿಲೆಲ್ಲಿ? ಲೈನ್ ಕರೆಂಟ್ ಇದ್ದಾಗ ವಾರಕ್ಕೊಮ್ಮೆ ಅದರಿಂದಲೇ ತುಂಬಿಸುತ್ತೇನೆ. ಮೊನ್ನೆ ಒಂದು ದಿನ ತಡವಾಗಿ ಎಂಟು ದಿನವಾಗಿತ್ತು. ತುಂಬಿದ ಹೊತ್ತಿಗೆ ಮಾನಿಟರ್ 81ರಲ್ಲಿತ್ತು, ಅಲ್ಲಿಂದ ಒಂದೇ ನೆಗೆತಕ್ಕೆ 100.