ಚಾರಿಟಿಯೋ, ಲವ್ವೋ? 1 ಕೊರಿಂಥ 13ರ ಒಂದು ಪದದ ಅಧ್ಯಯನ

 

ಇವತ್ತಿನ ಪಾಠಕ್ಕೆ 1 ಕೊರಿಂಥ 13ನೇ ಅಧ್ಯಾಯ ತೆಗೆದುಕೊಳ್ಳಿ. ಮೊಬೈಲಿನಲ್ಲಿ ಓದುವವರು ಮೂರು ಬೈಬಲ್ ತೆರೆದಿಟ್ಟುಕೊಳ್ಳಿ: ನಮ್ಮ ಕನ್ನಡ ಸತ್ಯವೇದ, ಇಂಗ್ಲಿಷಿನ ಕಿಂಗ್ ಜೇಮ್ಸ್, ಇಂಗ್ಲಿಷಿನದೇ ಯಾವುದಾದರೂ ಹೊಸ ಭಾಷಾಂತರ. ಕನ್ನಡದಲ್ಲಿ ಉದ್ದಕ್ಕೂ ‘ಪ್ರೀತಿ’ ಅಂತ ಇದೆ. ಹೊಸ ಇಂಗ್ಲಿಷಿನಲ್ಲಿ ‘ಲವ್’ ಅಂತ ಇದೆ. ಆದರೆ ಕಿಂಗ್ ಜೇಮ್ಸ್‌ನಲ್ಲಿ ಈ ಒಂದೇ ಅಧ್ಯಾಯದಲ್ಲಿ ಒಂಬತ್ತು ಸಲ ‘ಚಾರಿಟಿ’ ಅಂತ ಇದೆ.

ಇದನ್ನು ನೋಡಿದವರಿಗೆ ಎರಡು ಥರದ ಅನುಮಾನ ಬರುತ್ತೆ. ಒಂದು, ಹೊಸ ಬೈಬಲಿನವರು ದಾನಧರ್ಮದ ಮಾತನ್ನು ತೆಗೆದುಹಾಕಿಬಿಟ್ಟರಾ? ಇನ್ನೊಂದು, ಪೌಲನು ಹೇಳಿದ್ದು ಬಡವರಿಗೆ ಕೊಡುವ ವಿಷಯ ಮಾತ್ರವಾ? ಎರಡಕ್ಕೂ ಉತ್ತರ ವಾಕ್ಯದಲ್ಲೇ ಸಿಗುತ್ತೆ. ನಿಧಾನವಾಗಿ ನೋಡೋಣ.

ಮೂಲದಲ್ಲಿ ಇರುವುದು ಒಂದೇ ಪದ

ಪೌಲನು ಗ್ರೀಕಿನಲ್ಲಿ ಬರೆದ ಪದ ‘ಅಗಾಪೆ’. ಹೊಸ ಒಡಂಬಡಿಕೆಯಲ್ಲಿ ಇದು 100ಕ್ಕೂ ಹೆಚ್ಚು ಸಲ ಬರುತ್ತೆ. ಕಿಂಗ್ ಜೇಮ್ಸ್‌ನವರು ಇದನ್ನು ಹೆಚ್ಚಿನ ಕಡೆ ‘ಲವ್’ ಅಂತಲೇ ಬರೆದಿದ್ದಾರೆ. 25ಕ್ಕೂ ಸ್ವಲ್ಪ ಹೆಚ್ಚು ಕಡೆ ಮಾತ್ರ ‘ಚಾರಿಟಿ’ ಅಂತಿದೆ. ನಾಲ್ಕು ಸುವಾರ್ತೆಗಳಲ್ಲಿ ಒಂದು ಕಡೆಯೂ ಚಾರಿಟಿ ಇಲ್ಲ. ದೇವರು ಪ್ರೀತಿಸ್ವರೂಪನು ಎಂದು ಹೇಳುವ 1 ಯೋಹಾನ 4:8ರಲ್ಲೂ ಅವರು ಬರೆದದ್ದು ಲವ್ ಅಂತಲೇ.

ಹಾಗಾದರೆ ಚಾರಿಟಿ ಎಂದರೆ ದಾನ, ಲವ್ ಎಂದರೆ ಪ್ರೀತಿ ಅಂತ ಅವರು ಬೇರೆ ಮಾಡಿದರಾ? ಇಲ್ಲ. 1 ಪೇತ್ರ 5:14 ನೋಡಿ. ಅಲ್ಲಿ ವಿಶ್ವಾಸಿಗಳು ಒಬ್ಬರನ್ನೊಬ್ಬರು ವಂದಿಸುವ ಮುದ್ದಿಗೆ ಕಿಂಗ್ ಜೇಮ್ಸ್ ಚಾರಿಟಿಯ ಮುದ್ದು ಅನ್ನುತ್ತೆ. ಮುದ್ದನ್ನು ಯಾರೂ ಭಿಕ್ಷೆ ಹಾಕೋದಿಲ್ಲ, ಅಲ್ವಾ? ಈಗ 1 ಯೋಹಾನ 3:17 ನೋಡಿ. ಕೈಯಲ್ಲಿ ಆಸ್ತಿ ಇದ್ದೂ ಕೊರತೆಯಲ್ಲಿರುವ ಸಹೋದರನನ್ನು ನೋಡಿ ಮನಸ್ಸು ಮುಚ್ಚಿಕೊಳ್ಳುವವನಲ್ಲಿ ದೇವರ ಅಗಾಪೆ ಹೇಗೆ ಇದ್ದೀತು ಎಂದು ಯೋಹಾನನು ಕೇಳುತ್ತಾನೆ. ನೇರವಾಗಿ ಕೊಡುವುದರ ಬಗ್ಗೆಯೇ ಮಾತಾಡುವ ವಾಕ್ಯ ಇದು. ಇಲ್ಲಿ ಅವರು ಬರೆದದ್ದು ‘ಲವ್’! ಅಂದರೆ 1611ರಲ್ಲಿ ಕೆಲಸ ಮಾಡಿದವರಿಗೆ ಈ ಎರಡು ಪದಗಳೂ ಅಗಾಪೆಗೆ ಸಲ್ಲುವ ಪದಗಳೇ.

ಚಾರಿಟಿ ಎಲ್ಲಿಂದ ಬಂತು?

ಸುಮಾರು 400ನೇ ಇಸವಿಯ ಹೊತ್ತಿಗೆ ಜೆರೋಮ್ ಎಂಬ ದೇವಭಕ್ತನ ಹೆಸರಿನೊಂದಿಗೆ ಸೇರಿಕೊಂಡ ಲ್ಯಾಟಿನ್ ಬೈಬಲ್ ರೂಪುಗೊಂಡಿತು. ಅದಕ್ಕೆ ವಲ್ಗೇಟ್ ಅನ್ನುತ್ತಾರೆ. ಅದರಲ್ಲಿ ಅಗಾಪೆಗೆ ಹೆಚ್ಚಾಗಿ ‘ಕಾರಿತಾಸ್’ ಎಂಬ ಪದ ಬಳಸಿದರು. ‘ಕಾರುಸ್’ ಎಂದರೆ ಪ್ರಿಯವಾದದ್ದು, ಬೆಲೆಯುಳ್ಳದ್ದು. ನಾವು ‘ನೀನಂದ್ರೆ ನಂಗೆ ಪ್ರಾಣ’ ಅಂತೀವಲ್ಲ, ಹಾಗೆ ಒಬ್ಬರನ್ನು ಬೆಲೆಯುಳ್ಳವರೆಂದು ಎಣಿಸುವುದೇ ಕಾರಿತಾಸ್. ದಾನ ಅದರ ಒಂದು ಫಲ, ಅಷ್ಟೇ. 1380ರ ದಶಕದಲ್ಲಿ ವೈಕ್ಲಿಫ್‌ನ ಗುಂಪಿನವರು ಇದೇ ಲ್ಯಾಟಿನ್‌ನಿಂದ ಇಂಗ್ಲಿಷಿಗೆ ಭಾಷಾಂತರ ಮಾಡಿದಾಗ ಆ ಪದವೇ ಚಾರಿಟಿಯಾಗಿ ಬಂತು.

1526ರಲ್ಲಿ ವಿಲಿಯಂ ಟಿಂಡೇಲ್ ಹೊಸ ಒಡಂಬಡಿಕೆಯನ್ನು ಗ್ರೀಕಿನಿಂದ ನೇರವಾಗಿ ಇಂಗ್ಲಿಷಿಗೆ ತಂದು ಅಚ್ಚು ಹಾಕಿಸಿದ. ಅವನು 13ನೇ ಅಧ್ಯಾಯದಲ್ಲಿ ‘ಲವ್’ ಅಂತ ಬರೆದ. ಅದಕ್ಕೆ ಥಾಮಸ್ ಮೋರ್ ಎಂಬ ದೊಡ್ಡ ವಿದ್ವಾಂಸ 1529ರಲ್ಲಿ ಪುಸ್ತಕವನ್ನೇ ಬರೆದು ಆಕ್ಷೇಪಿಸಿದ. ಸಭೆ, ಯಾಜಕ ಮುಂತಾದ ಪದಗಳನ್ನು ಬದಲಿಸಿದ್ದೂ ಅವನ ಆಕ್ಷೇಪದಲ್ಲಿತ್ತು. ಮೋರ್‌ನ ವಾದ ಹುಡುಗಾಟದ್ದಲ್ಲ. ಲವ್ ಎಂದರೆ ಎಲ್ಲಾ ಥರದ ಮೋಹವೂ ಆಗುತ್ತೆ, ಚಾರಿಟಿ ಎಂದರೆ ಶುದ್ಧವಾದ, ಒಳ್ಳೆಯ ಪ್ರೀತಿ ಮಾತ್ರ, ಅದನ್ನು ಯಾಕೆ ಬಿಟ್ಟೆ ಅಂತ ಅವನು ಕೇಳಿದ.

1531ರಲ್ಲಿ ಟಿಂಡೇಲ್ ಉತ್ತರ ಕೊಟ್ಟ. ಅವನ ಉತ್ತರದಲ್ಲಿ ಎರಡು ಅಂಶ ಮುಖ್ಯ. ಒಂದು, ಜನರ ಬಾಯಲ್ಲಿ ಚಾರಿಟಿ ಎಂದರೆ ಭಿಕ್ಷೆ, ದಯೆ ಅಂತಾಗಿದೆ, ಅಗಾಪೆಯ ಪೂರ್ತಿ ಅರ್ಥ ಅದರಲ್ಲಿ ಉಳಿದಿಲ್ಲ. ಎರಡು, ಆ ಪದದಿಂದ ಕ್ರಿಯಾಪದ ಆಗೋದಿಲ್ಲ. ದೇವರನ್ನು ಪ್ರೀತಿಸು ಅನ್ನಬಹುದು, ‘ದೇವರನ್ನು ಚಾರಿಟಿಸು’ ಅನ್ನೋಕೆ ಆಗುತ್ತಾ?

ಆಮೇಲೆ 1560ರ ಜಿನೀವಾ ಬೈಬಲಿನವರು ಲವ್ ಅಂತ ಇಟ್ಟುಕೊಂಡರು. 1582ರಲ್ಲಿ ವಲ್ಗೇಟ್‌ನಿಂದ ಭಾಷಾಂತರ ಮಾಡಿದ ಕಥೋಲಿಕರು ಚಾರಿಟಿ ಅಂದರು. ಕಿಂಗ್ ಜೇಮ್ಸ್ ಭಾಷಾಂತರಕಾರರಿಗೆ ಕೊಟ್ಟ ನಿಯಮಗಳಲ್ಲಿ ಹಳೆಯ ಸಭಾಪದಗಳನ್ನು ಉಳಿಸಿಕೊಳ್ಳಿ ಎಂಬುದೂ ಇತ್ತು. 1611ರಲ್ಲಿ 13ನೇ ಅಧ್ಯಾಯಕ್ಕೆ ಚಾರಿಟಿ ವಾಪಸ್ ಬಂತು. 1881ರಲ್ಲಿ ಅದೇ ಕಿಂಗ್ ಜೇಮ್ಸ್ ಅನ್ನು ಪರಿಷ್ಕರಿಸಿದವರು ಮತ್ತೆ ಲವ್ ಅಂತ ಮಾಡಿದರು. ಇಷ್ಟು ಹೊತ್ತಿಗೆ ಇಂಗ್ಲಿಷಿನಲ್ಲಿ ಚಾರಿಟಿ ಎಂದರೆ ದಾನ, ದಾನ ಮಾಡುವ ಸಂಸ್ಥೆ ಎಂದೇ ಆಗಿತ್ತು. ಯಾರೂ ದಾನವನ್ನು ಬೈಬಲಿನಿಂದ ತೆಗೆದುಹಾಕಲಿಲ್ಲ. ಪದ ಕುಗ್ಗಿಹೋಯಿತು, ಅಷ್ಟೇ.

ಕನ್ನಡದಲ್ಲೂ ಹೀಗೇ ಆಗುತ್ತೆ

ಪದ ಕುಗ್ಗುವುದು ಎಂದರೇನು ಅಂತ ತಿಳಿಯೋಕೆ ಇಂಗ್ಲೆಂಡಿಗೆ ಹೋಗಬೇಕಿಲ್ಲ. ‘ಧರ್ಮ’ ಎಂಬ ಪದ ತೆಗೆದುಕೊಳ್ಳಿ. ಅದು ಎಷ್ಟು ದೊಡ್ಡ ಪದ! ನೀತಿ, ಕರ್ತವ್ಯ, ನಡತೆ ಎಲ್ಲಾ ಅದರಲ್ಲಿದೆ. ಆದರೆ ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿ ‘ಧರ್ಮ ಮಾಡಿ ಸ್ವಾಮಿ’ ಅಂತ ಕೈಚಾಚಿದರೆ ಏನರ್ಥ? ಚಿಲ್ಲರೆ ಹಾಕಿ ಅಂತ. ‘ಧರ್ಮಕ್ಕೆ ಸಿಕ್ಕಿತಾ?’ ಅಂದರೆ ಬಿಟ್ಟಿ ಸಿಕ್ಕಿತಾ ಅಂತ. ಕಾರಿತಾಸ್ ಚಾರಿಟಿಯಾಗಿ ಕುಗ್ಗಿದ್ದೂ ಇದೇ ದಾರಿಯಲ್ಲಿ.

ನಮ್ಮ ಸೀಮೆಗೂ ಇಂಥ ವಾದದ ನಂಟಿದೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದ ಕ್ರೈಸ್ತರ ಮಧ್ಯೆ ಸೇವೆ ಮಾಡಿದ ಫ್ರೆಂಚ್ ಪಾದ್ರಿ ಆಬೆ ದುಬಾಯ್, 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಪತ್ರಗಳಲ್ಲಿ, ಇಲ್ಲಿನ ಭಾಷೆಗಳಿಗೆ ಬೈಬಲ್ ಭಾಷಾಂತರಿಸಿ ಪ್ರಯೋಜನವಿಲ್ಲ ಅಂತ ವಾದಿಸಿದ. ಅದೇ ಕಾಲದಲ್ಲಿ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲಿಗಾಗಿ ವರ್ಷಗಟ್ಟಲೆ ಕೂತು ಕೆಲಸ ಮಾಡುತ್ತಿದ್ದ. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಬಂತು. ನಂತರ ಹಲವರು ಅದನ್ನು ತಿದ್ದಿದರು. ಇವತ್ತು ನಿಮ್ಮ ಕೈಯಲ್ಲಿರುವ ಸತ್ಯವೇದದಲ್ಲಿ ಈ ಅಧ್ಯಾಯಕ್ಕೆ ಇರುವುದು ದಾನವೂ ಅಲ್ಲ, ಧರ್ಮವೂ ಅಲ್ಲ, ಪ್ರೀತಿ. ‘ಪ್ರೀತಿಸು’ ಅಂತ ಕ್ರಿಯಾಪದವೂ ಆಗುತ್ತೆ. ಟಿಂಡೇಲ್ ಕೇಳಿದ ಎರಡನೇ ಪರೀಕ್ಷೆಯಲ್ಲಿ ನಮ್ಮ ಪದ ಪಾಸು.

ಮೂರನೇ ವಚನದಲ್ಲಿ ಪರೀಕ್ಷೆ ಮಾಡಿ

ಈಗ 13:3ಕ್ಕೆ ಬನ್ನಿ. ನನಗಿರುವುದನ್ನೆಲ್ಲಾ ಹಂಚಿಬಿಟ್ಟರೂ ಅಗಾಪೆ ಇಲ್ಲದಿದ್ದರೆ ನನಗೇನೂ ಪ್ರಯೋಜನವಿಲ್ಲ ಎಂಬುದು ಅದರ ಸಾರಾಂಶ. ಹಂಚುವುದಕ್ಕೆ ಪೌಲನು ಬಳಸಿದ ಗ್ರೀಕ್ ಕ್ರಿಯಾಪದದ ಮೂಲದಲ್ಲಿ ತುತ್ತು ತಿನ್ನಿಸುವ ಅರ್ಥವಿದೆ. ಆಸ್ತಿಯನ್ನೆಲ್ಲಾ ತುತ್ತುತುತ್ತಾಗಿ ಉಣಿಸಿ ಮುಗಿಸಿದ ಮನುಷ್ಯನನ್ನು ಕಲ್ಪಿಸಿಕೊಳ್ಳಿ.

ಇಲ್ಲಿ ಅಗಾಪೆಯ ಜಾಗದಲ್ಲಿ ‘ದಾನ’ ಅಂತ ಹಾಕಿ ಓದಿ. ಎಲ್ಲವನ್ನೂ ದಾನ ಮಾಡಿದರೂ ದಾನ ಇಲ್ಲದಿದ್ದರೆ ಪ್ರಯೋಜನವಿಲ್ಲ ಅಂತಾಗುತ್ತೆ. ಮಾತಿಗೆ ಅರ್ಥವೇ ಇಲ್ಲ. ಈಗ ‘ಪ್ರೀತಿ’ ಅಂತ ಹಾಕಿ ಓದಿ. ವಾಕ್ಯ ನಮ್ಮ ಎದೆಗೇ ಬರುತ್ತೆ. ಕೊಡುವುದು ಪ್ರೀತಿಯಿಲ್ಲದೆಯೂ ನಡೆಯಬಹುದು. ಆದರೆ 1 ಯೋಹಾನ 3:17ರ ಪ್ರಕಾರ ಪ್ರೀತಿ ಕೊಡದೆ ಇರಲಾರದು. ಈ ಎರಡು ವಾಕ್ಯಗಳನ್ನು ಯಾವಾಗಲೂ ಒಟ್ಟಿಗೆ ಓದಿ.

ಶೀಳನೆರೆ ಸುತ್ತಮುತ್ತಲ ಊರುಗಳಿಂದ ಬೆಂಗಳೂರು, ಮೈಸೂರು ಸೇರಿದ ಮಕ್ಕಳಿಗೆ ಇದನ್ನು ವಿಶೇಷವಾಗಿ ಹೇಳುತ್ತೇನೆ. ತಿಂಗಳ ಮೊದಲ ವಾರ ಅವ್ವನ ಖಾತೆಗೆ ದುಡ್ಡು ಹಾಕುತ್ತೀರಿ. ಒಳ್ಳೇದು, ನಿಲ್ಲಿಸಬೇಡಿ. ಆದರೆ ಅವ್ವ ಫೋನ್ ಮಾಡಿದಾಗ ‘ದುಡ್ಡು ಹಾಕಿದೀನಲ್ಲ, ಇನ್ನೇನು?’ ಅಂದರೆ ಚಾರಿಟಿ ಆಯಿತು, ಅಗಾಪೆ ಆಗಲಿಲ್ಲ.

‘ಪ್ರೀತಿ’ಗೂ ಅಪಾಯ ಇದೆ

ಥಾಮಸ್ ಮೋರ್‌ನ ಭಯ ಇವತ್ತಿಗೂ ಸುಳ್ಳಲ್ಲ. ಸಿನಿಮಾ ಪೋಸ್ಟರಿನಲ್ಲಿ ‘ಪ್ರೀತಿ’ ಅಂದರೆ ಹುಡುಗ, ಹುಡುಗಿ, ಒಂದು ಹಾಡು. ಅದಕ್ಕೇ ಕೆಲವು ಬೋಧಕರು, ಅಗಾಪೆ ಎಂಬುದು ದೇವರ ಪ್ರೀತಿಗೆ ಮಾತ್ರ ಮೀಸಲಾದ ಪವಿತ್ರ ಪದ ಅಂತ ಕಲಿಸುತ್ತಾರೆ. ಕೇಳೋಕೆ ಚೆನ್ನಾಗಿದೆ, ಆದರೆ ಬೈಬಲ್ ಅದನ್ನು ಒಪ್ಪುವುದಿಲ್ಲ. ಹಳೇ ಒಡಂಬಡಿಕೆಯ ಪುರಾತನ ಗ್ರೀಕ್ ಭಾಷಾಂತರದಲ್ಲಿ, 2 ಸಮುವೇಲ 13:15ರಲ್ಲಿ, ಅಮ್ನೋನನಿಗೆ ತಾಮಾರಳ ಮೇಲಿದ್ದ ಕೆಟ್ಟ ಮೋಹಕ್ಕೂ ಇದೇ ಅಗಾಪೆ ಪದ ಇದೆ. 2 ತಿಮೊಥೆ 4:10ರಲ್ಲಿ ದೇಮನು ಈ ಲೋಕವನ್ನು ಪ್ರೀತಿಸಿ ಪೌಲನನ್ನು ಬಿಟ್ಟುಹೋದ. ಅಲ್ಲಿಯೂ ಇದೇ ಪದದ ಕ್ರಿಯಾರೂಪ.

ಅಂದಮೇಲೆ ಪವಿತ್ರತೆ ಪದದ ಅಕ್ಷರಗಳಲ್ಲಿಲ್ಲ. ಪೌಲನು ಆ ಪದಕ್ಕೆ ಏನು ತುಂಬಿದ ಅನ್ನೋದರಲ್ಲಿದೆ. ನಾಲ್ಕರಿಂದ ಏಳನೇ ವಚನದವರೆಗೆ ನೋಡಿ. ಭಾಷಾಂತರಗಳಲ್ಲಿ ಪ್ರೀತಿಯ ಗುಣಗಳ ಪಟ್ಟಿಯ ಹಾಗೆ ಕಾಣುತ್ತೆ. ಗ್ರೀಕಿನಲ್ಲಿ ಅವು ಹದಿನೈದು ಕ್ರಿಯಾಪದಗಳು. ಪ್ರೀತಿ ಹೇಗಿರುತ್ತೆ ಅಂತಲ್ಲ, ಏನು ಮಾಡುತ್ತೆ, ಏನು ಮಾಡೋದಿಲ್ಲ ಅಂತ ಪೌಲನು ಹೇಳುತ್ತಾನೆ. ಅದರಲ್ಲಿ ಒಂದು ಕ್ರಿಯಾಪದ ಲೆಕ್ಕ ಬರೆಯುವವರ ಮಾತು: ಪ್ರೀತಿಯು ಕೆಡುಕನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂಗಡಿಯ ಸಾಲದ ಪುಸ್ತಕ ನೆನಪಿಸಿಕೊಳ್ಳಿ. ನಾವು ಎಷ್ಟು ಜನರ ಹೆಸರಿನ ಮುಂದೆ, ಅವತ್ತು ಹೀಗಂದ, ಇವತ್ತು ಹೀಗೆ ಮಾಡಿದಳು ಅಂತ ಬರೆದಿಟ್ಟುಕೊಂಡಿದ್ದೇವೆ?

ಕೊರಿಂಥದ ಸಭೆಯಲ್ಲಿ ವರಗಳಿಗೆ ಕೊರತೆ ಇರಲಿಲ್ಲ. ಅನ್ಯಭಾಷೆ, ಪ್ರವಾದನೆ ಎಲ್ಲಾ ಇತ್ತು, ನಮ್ಮಲ್ಲಿ ಇರುವ ಹಾಗೆಯೇ. ಜೊತೆಗೆ ಒಬ್ಬರ ಮೇಲೊಬ್ಬರ ಲೆಕ್ಕದ ಪುಸ್ತಕವೂ ಇತ್ತು. ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಈ ವಾರ ಯಾವುದೇ ಭಾಷಾಂತರದಲ್ಲಿ ಆ ನಾಲ್ಕು ವಚನಗಳನ್ನು ಓದಿ. ನೀವು ಮಾತು ಬಿಟ್ಟಿರುವ ಒಬ್ಬರ ಹೆಸರನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ. ಯಾವ ಕ್ರಿಯಾಪದದ ಹತ್ತಿರ ನಿಮ್ಮ ಮನಸ್ಸು ತಡೆಯುತ್ತೋ, ಅಲ್ಲೇ ನಿಂತು ಪ್ರಾರ್ಥಿಸಿ.

ಕರ್ತನೇ, ಕೈಯಿಂದ ಕೊಟ್ಟು ಮನಸ್ಸು ಮುಚ್ಚಿಕೊಂಡ ನಮ್ಮನ್ನು ಕ್ಷಮಿಸು. ನೀನು ನಮ್ಮ ಪಾಪಗಳ ಲೆಕ್ಕವನ್ನು ಶಿಲುಬೆಯಲ್ಲಿ ಅಳಿಸಿದಂತೆ, ನಾವೂ ನಮ್ಮ ಪುಸ್ತಕಗಳನ್ನು ಮುಚ್ಚುವ ಹಾಗೆ ಪವಿತ್ರಾತ್ಮನ ಮೂಲಕ ಸಹಾಯ ಮಾಡು. ಯೇಸುವಿನ ನಾಮದಲ್ಲಿ, ಆಮೆನ್.